ಕಾಯಕವೇ ಕೈಲಾಸ: ಇಂಗ್ಲಿಷಿನಲ್ಲಿ ಆರು ಸಾಲು

ನಮ್ಮ ವಿಜಯಪುರದಲ್ಲಿ 'ಕಾಯಕವೇ ಕೈಲಾಸ' ಅನ್ನುವ ಬೋರ್ಡು ಕಾಣದ ರಸ್ತೆ ಸಿಗುವುದು ಕಷ್ಟ. ಗ್ಯಾರೇಜು, ಹಿಟ್ಟಿನ ಗಿರಣಿ, ಟಂಟಂ ಗಾಡಿಯ ಹಿಂಭಾಗ, ಕಚೇರಿಯ ಗೋಡೆ, ಎಲ್ಲ ಕಡೆ ಅದೇ. ಇಂಗ್ಲಿಷ್ ಬೇಕು ಅನ್ನಿಸಿದವರು ಅದರ ಕೆಳಗೆ 'ವರ್ಕ್ ಈಸ್ ವರ್ಶಿಪ್' ಅಂತಲೂ ಬರೆಸುತ್ತಾರೆ. ಎರಡೂ ಒಂದೇ ಅಂತ ನಾವೆಲ್ಲ ಎಷ್ಟೋ ವರ್ಷಗಳಿಂದ ನಂಬಿಕೊಂಡು ಬಂದಿದ್ದೇವೆ.

ಅವೆರಡೂ ಒಂದೇ ಅಲ್ಲ ಅನ್ನುವುದು ನನ್ನ ವಾದ. ಈ ಮಾತು ಬಂದದ್ದು ನನ್ನ ತಂಗಿಯ ಮಗಳಿಂದ. ಅವಳು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾಳೆ. ಬಸವ ಜಯಂತಿಗೆ ಅವರ ಆಫೀಸಿನಲ್ಲಿ ಒಂದು ಸಣ್ಣ ಕಾರ್ಯಕ್ರಮ. ಕನ್ನಡ ಬಾರದವರೇ ಜಾಸ್ತಿ. ಒಂದು ವಚನ ಓದಿ, ಸರಳ ಇಂಗ್ಲಿಷಿನಲ್ಲಿ ಹೇಳಿ, ಅರ್ಥ ಬಿಡಿಸಬೇಕಿತ್ತು. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು, ಹಾಗಾಗಿ ಫೋನು ನನಗೇ ಬಂತು. "ಮಾಮಾ, ಕಾಯಕವೇ ಕೈಲಾಸ ಹೇಳ್ತೀನಿ. ವರ್ಕ್ ಈಸ್ ವರ್ಶಿಪ್ ಅಂದ್ರ ಮುಗೀತಲ್ಲ?"

"ಮುಗಿಯೂದಿಲ್ಲವಾ," ಅಂದೆ. "ಮೊದಲು ಪೂರಾ ವಚನ ಓದು."

ಪೂರಾ ವಚನ ಹೀಗಿದೆ:

ಕಾಯಕದಲ್ಲಿ ನಿರತನಾದಡೆ,
ಗುರುದರ್ಶನವಾದಡೂ ಮರೆಯಬೇಕು,
ಲಿಂಗಪೂಜೆಯಾದಡೂ ಮರೆಯಬೇಕು,
ಜಂಗಮ ಮುಂದೆ ನಿಂದಿದ್ದಡೂ ಹಂಗ ಹರಿಯಬೇಕು.
ಕಾಯಕವೆ ಕೈಲಾಸವಾದ ಕಾರಣ,
ಅಮರೇಶ್ವರಲಿಂಗವಾಯಿತ್ತಾದಡೂ ಕಾಯಕದೊಳಗು.

ಕೊನೆಯ ಸಾಲಿನ ಅಂಕಿತ ನೋಡಿ. ಕೂಡಲಸಂಗಮದೇವ ಅಲ್ಲ, ಅಮರೇಶ್ವರಲಿಂಗ. ಇದು ಆಯ್ದಕ್ಕಿ ಮಾರಯ್ಯನ ವಚನ. ಬಸವಣ್ಣನ ಫೋಟೋದ ಕೆಳಗೇ ಈ ಸಾಲು ಬರೆಯುವುದು ರೂಢಿಯಾಗಿದೆ. ಬಸವಣ್ಣನ ವಿಚಾರಕ್ಕೆ ಹೊಂದುತ್ತದೆ ಅನ್ನುವುದೂ ನಿಜ. ಆದರೆ ಹೇಳಿದವನು ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ಬದುಕುತ್ತಿದ್ದ ಬಡವ. ಅವನ ಹೆಸರಿನಲ್ಲೇ ಅವನ ಕೆಲಸ ಇದೆ. ಬಿಜ್ಜಳನ ಭಂಡಾರಿ ಹೇಳುವುದಕ್ಕೂ ಅಕ್ಕಿ ಆಯುವವನು ಹೇಳುವುದಕ್ಕೂ ಫರಕು ಇರುತ್ತದೆ, ಅಲ್ವಾ? ಕೇಳುವವರಿಗೆ ಅದನ್ನು ಮೊದಲೇ ಹೇಳಿಬಿಡು ಅಂತ ಅವಳಿಗೆ ಸೂಚಿಸಿದೆ.

ಈಗ 'ವರ್ಶಿಪ್' ಮಾತಿಗೆ ಬರುತ್ತೇನೆ. ವಚನದ ಮೂರನೇ ಸಾಲು ಏನು ಹೇಳುತ್ತದೆ? ಲಿಂಗಪೂಜೆಯನ್ನೂ ಮರೆಯಬೇಕು ಅನ್ನುತ್ತದೆ. ಪೂಜೆ ಮರೆತುಬಿಡು ಅನ್ನುವ ವಚನಕ್ಕೆ 'ಕೆಲಸವೇ ಪೂಜೆ' ಅಂತ ಇಂಗ್ಲಿಷ್ ಕೊಟ್ಟರೆ ಅದು ವಚನಕ್ಕೇ ಅಡ್ಡ ಬರುತ್ತದೆ. ಅಸಲಿಗೆ ಆ ಇಂಗ್ಲಿಷ್ ಮಾತು ನಮ್ಮ ವಚನಕ್ಕಾಗಿ ಹುಟ್ಟಿದ್ದಲ್ಲ. ಥಾಮಸ್ ಕಾರ್ಲೈಲ್ 1843ರ ತನ್ನ ಪುಸ್ತಕದಲ್ಲಿ ಹಳೆಯ ಕ್ರೈಸ್ತ ಸನ್ಯಾಸಿಗಳದ್ದು ಅಂತ ಒಂದು ಲ್ಯಾಟಿನ್ ಮಾತು ತರುತ್ತಾನೆ, 'ಲಬೊರಾರೆ ಎಸ್ಟ್ ಒರಾರೆ' ಅಂತ, ಅಂದರೆ ದುಡಿಯುವುದೇ ಪ್ರಾರ್ಥನೆ. ಅದರ ಪಕ್ಕದಲ್ಲೇ 'ವರ್ಕ್ ಈಸ್ ವರ್ಶಿಪ್' ಅಂತ ಇಂಗ್ಲಿಷ್ ಮಾಡಿಟ್ಟಿದ್ದಾನೆ. ಆ ಮಾತಿನಲ್ಲಿ ಪ್ರಾರ್ಥನೆ ಮೇಲಿದೆ, ಕೆಲಸವನ್ನು ಅದರ ಮಟ್ಟಕ್ಕೆ ಏರಿಸಲಾಗಿದೆ. ಅಳತೆಗೋಲು ಪೂಜೆಯೇ. ಮಾರಯ್ಯ ಆ ಅಳತೆಗೋಲನ್ನೇ ಕೈಬಿಡುತ್ತಾನೆ. ಕೆಲಸಕ್ಕೆ ಬೆಲೆ ಬರಲು ಅದು ಪೂಜೆಯ ಹಾಗಿರಬೇಕು ಅಂತ ಅವನು ಹೇಳುವುದೇ ಇಲ್ಲ.

ವಿಧಾನಸೌಧದ ಮೇಲಿನ 'ಸರ್ಕಾರದ ಕೆಲಸ ದೇವರ ಕೆಲಸ' ಅನ್ನುವ ಮಾತೂ ಹೆಚ್ಚುಕಡಿಮೆ ಕಾರ್ಲೈಲನ ಕಡೆಯದ್ದೇ ಅಂತ ನನಗೆ ಅನ್ನಿಸುತ್ತದೆ. ಅದು ಇರಲಿ.

ಮೊದಲ ಸಾಲಿನಿಂದ ಶುರು ಮಾಡಿದೆವು. 'ನಿರತ' ಅನ್ನುವುದಕ್ಕೆ ಅವಳು 'ಬ್ಯುಸಿ' ಅಂತ ಬರೆದಿದ್ದಳು. 'ವೆನ್ ಯು ಆರ್ ಬ್ಯುಸಿ ವಿತ್ ವರ್ಕ್.' ನಾನು ಬೇಡ ಅಂದೆ. ಬ್ಯುಸಿ ಅನ್ನುವುದು ಈಗ ಜನರನ್ನು ಸಾಗಹಾಕುವ ಮಾತಾಗಿದೆ. ಫೋನ್ ಎತ್ತದವರೆಲ್ಲ ಬ್ಯುಸಿ. ನಿರತನಾದವನು ಕೆಲಸದೊಳಗೆ ಇಳಿದಿರುತ್ತಾನೆ, ಅವನಿಗೆ ಅದರಲ್ಲಿ ಪ್ರೀತಿಯೂ ಇದೆ. ಆ ಶಬ್ದದೊಳಗೆ 'ರತಿ' ಇದೆಯಲ್ಲ. 'ಡೀಪ್ ಇನ್ ಯುವರ್ ವರ್ಕ್' ಅಂತ ಒಪ್ಪಿಕೊಂಡೆವು. ಇಲ್ಲಿ 'ಯುವರ್' ಮುಖ್ಯ. ಕಾಯಕ ಅಂದರೆ ಯಾರೋ ಹೊರಿಸಿದ ಬಿಟ್ಟಿ ಕೆಲಸ ಅಲ್ಲ. ನಾನೇ ಹಿಡಿದದ್ದು, ನನ್ನ ಮೈಯಿಂದ ಮಾಡುವುದು. 'ಜಾಬ್' ಅಂದರೆ ಸಂಬಳ ನೆನಪಾಗುತ್ತದೆ. 'ಡ್ಯೂಟಿ' ಅಂದರೆ ಸಾಹೇಬರು ನೆನಪಾಗುತ್ತಾರೆ. 'ವರ್ಕ್' ಸಪ್ಪೆ ಶಬ್ದ. ಸಪ್ಪೆಯಾಗಿದ್ದಕ್ಕೇ ಅದರಲ್ಲಿ ನಮ್ಮ ಅರ್ಥ ತುಂಬುವುದು ಸುಲಭ.

ಕನ್ನಡದಲ್ಲಿ 'ಮರೆಯಬೇಕು' ಅಂದರೆ ಸಾಕು, ಯಾರು ಮರೆಯಬೇಕು ಅಂತ ಹೇಳಬೇಕಿಲ್ಲ. ಇಂಗ್ಲಿಷಿಗೆ ಕರ್ತೃ ಬೇಕೇ ಬೇಕು. ನಾನು, ನೀನು, ನಾವು, ಯಾರಾದರೂ ಒಬ್ಬರು ಬರಬೇಕು. 'ಒನ್ ಮಸ್ಟ್ ಫರ್ಗೆಟ್' ಅಂದರೆ ಕೋರ್ಟಿನ ಭಾಷೆಯಾಗುತ್ತದೆ. 'ಐ' ಅಂದರೆ ಮಾರಯ್ಯ ತನ್ನ ಬಡಾಯಿ ಹೇಳಿಕೊಂಡ ಹಾಗೆ. 'ಯು' ಅಂತ ಇಟ್ಟೆವು. ಆದರೆ 'ಯು' ಇಟ್ಟ ಕೂಡಲೇ ಅದು ಉಪದೇಶದ ಹಾಗೆ ಕೇಳುತ್ತದೆ, ಯಾರೋ ಮೇಲಿನವರು ಕೆಳಗಿನವರಿಗೆ ಹೇಳಿದಂತೆ. ಇದಕ್ಕೆ ಪೂರಾ ಪರಿಹಾರ ಇಲ್ಲ. ಇದು ಒಬ್ಬ ಕೂಲಿಯವನ ಮಾತು, ಅವನು ತನಗೂ ಸೇರಿಸಿಯೇ ಹೇಳುತ್ತಿದ್ದಾನೆ ಅಂತ ಬಾಯಲ್ಲೇ ವಿವರಿಸಬೇಕು.

ಆಮೇಲಿನ ಮೂರು ಸಾಲುಗಳಲ್ಲೇ ವಚನದ ಜೀವ ಇರುವುದು. ಗುರು, ಲಿಂಗ, ಜಂಗಮ. ಶರಣರಿಗೆ ಈ ಮೂರಕ್ಕಿಂತ ದೊಡ್ಡದು ಯಾವುದೂ ಇಲ್ಲ. ಗುರು ದಾರಿ ತೋರಿಸಿದವನು, ಲಿಂಗ ಮೈಮೇಲೆ ಕಟ್ಟಿಕೊಂಡ ದೇವರು, ಜಂಗಮ ಮನೆಬಾಗಿಲಿಗೆ ನಡೆದು ಬರುವ ದೇವರು. ಇದು ಗೊತ್ತಿಲ್ಲದವರಿಗೆ ಈ ವಚನ ದೇವರನ್ನು ನಂಬದವನು ಬರೆದದ್ದು ಅನ್ನಿಸಬಹುದು. ನನ್ನ ತಂಗಿಯ ಮಗಳಿಗೂ ಮೊದಲು ಹಾಗೇ ಅನ್ನಿಸಿತು. "ಮಾಮಾ, ಇಂವಾ ನಾಸ್ತಿಕ ಏನು?" ಅಂತ ಕೇಳಿದಳು. ಅಲ್ಲ. ತಾನು ಅತಿ ಹೆಚ್ಚು ಗೌರವಿಸುವ ಮೂರನ್ನೇ ಅವನು ಒಂದೊಂದಾಗಿ ತೆಗೆದು ಪಕ್ಕಕ್ಕೆ ಇಡುತ್ತಿದ್ದಾನೆ. ಗೌರವ ಇಲ್ಲದವನು ಪಕ್ಕಕ್ಕೆ ಇಟ್ಟರೆ ಅದರಲ್ಲಿ ಏನು ದೊಡ್ಡದು?

ಪಕ್ಕಕ್ಕೆ ಇಡುವುದಕ್ಕೆ ಕಾರಣವೂ ಇದೆ. ಜಂಗಮರು ಬಂದರೆ ಊಟಕ್ಕಿಡಬೇಕು. ಅದು ದಾಸೋಹ. ಎಲ್ಲಿಂದ ಇಡುವುದು? ಆಯ್ದ ಅಕ್ಕಿಯಿಂದ. ಅಕ್ಕಿ ಆಯುವುದನ್ನು ಬಿಟ್ಟು ಜಂಗಮರ ಮುಂದೆ ಕೈಮುಗಿದು ನಿಂತರೆ ಸಂಜೆಗೆ ಅವರಿಗೂ ಊಟ ಇಲ್ಲ, ನಮಗೂ ಇಲ್ಲ. ಶರಣರಲ್ಲಿ ಕಾಯಕ ದಾಸೋಹ ಬೇರೆ ಬೇರೆ ಅಲ್ಲ. ದುಡಿದದ್ದು ಹಂಚುವುದಕ್ಕೆ. ಹಂಚಬೇಕಾದರೆ ದುಡಿದಿರಬೇಕು.

ಈ ಮೂರು ಸಾಲಿನಲ್ಲಿ ಇನ್ನೊಂದು ಸಂಗತಿ ಇದೆ. ಬಾಯಿಪಾಠ ಮಾಡಿದವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಗುರುವಿಗೂ ಲಿಂಗಪೂಜೆಗೂ 'ಮರೆಯಬೇಕು' ಅಂತಿದೆ. ಜಂಗಮನಿಗೆ ಬಂದಾಗ ಕ್ರಿಯಾಪದ ಬದಲಾಗುತ್ತದೆ, 'ಹಂಗ ಹರಿಯಬೇಕು'. ಯಾಕೆ? ಜಂಗಮ ಕಣ್ಣೆದುರೇ ನಿಂತಿದ್ದಾನೆ. ಎದುರಿಗೆ ನಿಂತವನನ್ನು ಮರೆಯುವುದು ಹೇಗೆ? ಮರೆಯಲಾಗದ್ದನ್ನು ಕಡಿದುಕೊಳ್ಳಬೇಕು. ಮೂರೂ ಸಾಲಿಗೆ 'ಫರ್ಗೆಟ್' ಅಂತ ಹಾಕಿದರೆ ಓದಲು ಲಯ ಸಿಗುತ್ತದೆ, ಆದರೆ ಈ ಏರಿಕೆ ಹೋಗಿಬಿಡುತ್ತದೆ. ಅನುವಾದ ಹದ ತಪ್ಪಿದ್ದು ಗೊತ್ತಾಗುವುದು ಇಂಥಲ್ಲೇ. ಮೂಲದಲ್ಲಿ ಪದ ಬದಲಾದ ಜಾಗದಲ್ಲಿ ಅನುವಾದದಲ್ಲೂ ಏನಾದರೂ ಬದಲಾಗಿದೆಯಾ ಅಂತ ನೋಡಿದರೆ ಸಾಕು.

'ಹಂಗು' ನಮ್ಮ ಕಡೆ ಇನ್ನೂ ಬಳಕೆಯಲ್ಲಿರುವ ಮಾತು. "ಯಾರ ಹಂಗಿನ್ಯಾಗೂ ಇರಬಾರದಪಾ" ಅಂತ ಹಿರಿಯರು ಹೇಳುತ್ತಾರೆ. ಸಾಲ ತೀರಿಸಬಹುದು, ಹಂಗು ತೀರುವುದಿಲ್ಲ. ಯಾರೋ ಉಪಕಾರ ಮಾಡಿರುತ್ತಾರೆ, ಅವರ ಎದುರು ದನಿ ಏರಿಸಲಾಗುವುದಿಲ್ಲ. ಅದು ಹಂಗು. ಇಲ್ಲಿ ಜಂಗಮನ ಹಂಗು ಅಂದರೆ ಅವನ ದೊಡ್ಡತನಕ್ಕೆ ನಾವು ತಗ್ಗಬೇಕಾದ ಮುಲಾಜು. ಅವಳು 'ಆಬ್ಲಿಗೇಶನ್' ಅಂತ ಬರೆದಳು. ಅರ್ಥ ಸರಿ, ಆದರೆ ಶಬ್ದ ಭಾರ. ಸರಳ ಇಂಗ್ಲಿಷ್ ಅಂತ ಹೊರಟವರು ನಾವು. 'ಓ ಹಿಮ್ ನಥಿಂಗ್' ಅಂತ ನಾನು ಹೇಳಿದೆ. ಚುಟುಕಾಗಿತ್ತು, ಆದರೆ ಸ್ವಲ್ಪ ಸೊಕ್ಕಿನ ಮಾತಾಯಿತು ಅಂತ ಅವಳು ತಕರಾರು ಮಾಡಿದಳು. ಅವಳ ಮಾತು ಸರಿ ಇತ್ತು. ಹರಿಯುವುದು ಅಂದರೆ ಹಗ್ಗ ಹರಿದ ಹಾಗೆ ಕಡಿಯುವುದು. ಕೊನೆಗೆ 'ಬ್ರೇಕ್ ದ ಟೈ' ಅಂತ ಅವಳೇ ಹುಡುಕಿದಳು. ಕಟ್ಟೂ ಉಳಿಯಿತು, ಕಡಿಯುವುದೂ ಉಳಿಯಿತು.

ಐದನೇ ಸಾಲು, ಆ ಬೋರ್ಡಿನ ಸಾಲು. ಇಲ್ಲಿ ವಾದ ಜೋರಾಯಿತು. "ಕೈಲಾಸ ಅಂದ್ರ ಅವರಿಗೆ ತಿಳಿಯೂದಿಲ್ಲ ಮಾಮಾ. ಹೆವನ್ ಅನ್ನೋಣ." ಹೆವನ್ ಅಂದರೆ ಸತ್ತ ಮೇಲೆ, ಒಳ್ಳೆಯವರಿಗೆ ಸಿಗುವ ಜಾಗ. ನಮ್ಮಲ್ಲೇ ಸ್ವರ್ಗ ಬೇರೆ, ಕೈಲಾಸ ಬೇರೆ. ಸ್ವರ್ಗ ಇಂದ್ರನದು, ಪುಣ್ಯ ಖರ್ಚಾದ ಮೇಲೆ ವಾಪಸ್ ಬರಬೇಕು. ಕೈಲಾಸ ಶಿವನ ಮನೆ. ಶಿವಭಕ್ತನಿಗೆ ಅದಕ್ಕಿಂತ ಮುಂದೆ ಹೋಗುವ ಜಾಗವೇ ಇಲ್ಲ. ಮಾರಯ್ಯ ಹೇಳುವುದು ಆ ಜಾಗಕ್ಕೆ ಹೋಗುವ ದಾರಿ ಕಾಯಕ ಅಂತಲೂ ಅಲ್ಲ. ದುಡಿದರೆ ಮುಂದೆ ಕೈಲಾಸ ಸಿಗುತ್ತದೆ ಅಂತ ಅವನು ಆಸೆ ತೋರಿಸುವುದಿಲ್ಲ. ಕಾಯಕ'ವೆ' ಅನ್ನುತ್ತಾನೆ. ಅಕ್ಕಿ ಆಯುತ್ತಿರುವ ಈ ಅಂಗಳವೇ, ಈ ಹೊತ್ತೇ ಕೈಲಾಸ. ಹೋಗಬೇಕಾದ ಊರಿನಲ್ಲಿ ಆಗಲೇ ನಿಂತವನಿಗೆ ಯಾವ ಗುರುವಿನ, ಯಾವ ಪೂಜೆಯ ಟಿಕೆಟ್ ಬೇಕು? ಮೇಲಿನ ಮೂರು ಸಾಲಿಗೆ ಕಾರಣ ಇದೇ. ಅದಕ್ಕೇ ಅವನು 'ಕಾರಣ' ಅನ್ನುವ ಶಬ್ದವನ್ನೇ ಬಳಸಿದ್ದು. ಬೋರ್ಡಿನಲ್ಲಿ ಬರೆಯುವಾಗ ನಾವು ಕಾರಣವನ್ನು ಇಟ್ಟುಕೊಂಡು, ಅದು ಯಾವುದಕ್ಕೆ ಕಾರಣ ಅನ್ನುವುದನ್ನು ಬಿಟ್ಟಿದ್ದೇವೆ. 'ಕೈಲಾಸ' ಹಾಗೇ ಉಳಿಯಲಿ, 'ಶಿವನ ಮನೆ' ಅಂತ ಒಂದು ಮಾತು ಮೊದಲೇ ಹೇಳು ಅಂದೆ. 'ಬಿಕಾಸ್' ಮಾತ್ರ ಬಿಡಬೇಡ.

ಕೊನೆಯ ಸಾಲು ಎರಡು ರೀತಿ ಓದಬಹುದು. ಅಮರೇಶ್ವರಲಿಂಗವೂ ಕಾಯಕದ ಒಳಗೇ ಇದ್ದಾನೆ, ಬೇರೆಡೆ ಹುಡುಕಬೇಡ ಅನ್ನುವುದು ಒಂದು. ಸ್ವತಃ ಲಿಂಗವೇ ಆದರೂ ಕಾಯಕಕ್ಕೆ ಒಳಪಟ್ಟದ್ದು, ಅದೂ ದುಡಿಯಬೇಕು ಅನ್ನುವುದು ಇನ್ನೊಂದು. ಮೊದಲನೆಯದು ಸಾಧುವಾಗಿದೆ, ಯಾರಿಗೂ ಕಸಿವಿಸಿಯಾಗುವುದಿಲ್ಲ. ಎರಡನೆಯದು ಕೇಳಿದರೆ ಇವತ್ತಿಗೂ ಒಂದಿಷ್ಟು ಜನ ಹುಬ್ಬೇರಿಸುತ್ತಾರೆ.

ಆದರೆ ಎರಡನೆಯದಕ್ಕೆ ನಮ್ಮ ಜಿಲ್ಲೆಯವನೇ ಸಾಕ್ಷಿ ಇದ್ದಾನೆ. ನುಲಿಯ ಚಂದಯ್ಯ. ಇಲ್ಲೇ ಶಿವಣಗಿಯವನು ಅನ್ನುತ್ತಾರೆ. ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರುವುದು ಅವನ ಕಾಯಕ. ಕತೆ ಹೀಗಿದೆ: ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿ ಬಿತ್ತು. ಚಂದಯ್ಯ ತಿರುಗಿಯೂ ನೋಡದೆ ಹುಲ್ಲು ಹೊತ್ತುಕೊಂಡು ಹೊರಟ. ಲಿಂಗವೇ ಬೆನ್ನು ಹತ್ತಿ, ನನ್ನನ್ನು ಕಟ್ಟಿಕೋ ಅಂತ ಕೇಳಿತು. ಮಡಿವಾಳ ಮಾಚಯ್ಯ ನಡುವೆ ಬಂದು ರಾಜಿ ಮಾಡಿಸಬೇಕಾಯಿತು. ಚಂದಯ್ಯ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಲಿಂಗವೂ ಕಾಯಕ ಮಾಡಬೇಕು, ಅವನು ಹೊಸೆದ ಹಗ್ಗ ಮಾರಿ ಬರಬೇಕು. ಕತೆ ಕತೆಯೇ, ಆದರೆ ಅವನ ವಚನವೂ ಇದೆ. 'ಗುರುವಾದಡೂ ಕಾಯಕದಿಂದವೆ ಜೀವನ್ಮುಕ್ತಿ. ಲಿಂಗವಾದಡೂ ಕಾಯಕದಿಂದವೆ ಶಿಲೆಯ ಕುಲ ಹರಿವುದು.' ಲಿಂಗ ಕಲ್ಲಾಗಿ ಉಳಿಯದೆ ದೇವರಾಗಬೇಕಾದರೆ ಅದಕ್ಕೂ ಕಾಯಕ ಬೇಕು ಅನ್ನುತ್ತಿದ್ದಾನೆ. ಇದನ್ನು ಓದಿದ ಮೇಲೆ ಮಾರಯ್ಯನ ಕೊನೆಯ ಸಾಲನ್ನು ಬರೀ ಸಾಧು ಅರ್ಥದಲ್ಲಿ ಓದಲು ನನಗೆ ಮನಸ್ಸಾಗುವುದಿಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಜಾಗ ಇರಲಿ ಅಂತ 'ಇನ್‌ಸೈಡ್ ವರ್ಕ್' ಅಂತಲೇ ಬಿಟ್ಟೆವು. ಒಳಗು ಅಂದರೆ ಒಳಗು.

ಕೊನೆಗೆ ನಿಂತದ್ದು ಇದು:

ವೆನ್ ಯು ಆರ್ ಡೀಪ್ ಇನ್ ಯುವರ್ ವರ್ಕ್,
ಈವನ್ ಇಫ್ ಯುವರ್ ಗುರು ಕಮ್ಸ್, ಫರ್ಗೆಟ್ ಹಿಮ್.
ಈವನ್ ಇಫ್ ಇಟ್ ಈಸ್ ಟೈಮ್ ಟು ವರ್ಶಿಪ್ ದ ಲಿಂಗ, ಫರ್ಗೆಟ್ ಇಟ್.
ಈವನ್ ಇಫ್ ಅ ಜಂಗಮ ಸ್ಟ್ಯಾಂಡ್ಸ್ ಬಿಫೋರ್ ಯು, ಬ್ರೇಕ್ ದ ಟೈ.
ಬಿಕಾಸ್ ವರ್ಕ್ ಇಟ್‌ಸೆಲ್ಫ್ ಈಸ್ ಕೈಲಾಸ,
ಈವನ್ ಅಮರೇಶ್ವರಲಿಂಗ ಈಸ್ ಇನ್‌ಸೈಡ್ ವರ್ಕ್.

ಕನ್ನಡದ 'ಆದಡೂ' ಮೂರು ಸಲ ಬಂದು ಬಡಿಯುವ ಪೆಟ್ಟು 'ಈವನ್ ಇಫ್'ನಲ್ಲಿ ಸುಮಾರಾಗಿ ಬಂದಿದೆ. ಎರಡನೇ ಸಾಲಿನ 'ದರ್ಶನ' ಹೋಗಿದೆ. ಗುರು ಸುಮ್ನೆ ಬರುವುದಿಲ್ಲ, ದರ್ಶನ ಆಗುತ್ತದೆ, ಅದು ಭಾಗ್ಯ ಅನ್ನುವ ಭಾವ 'ಕಮ್ಸ್'ನಲ್ಲಿ ಇಲ್ಲ. ಅದನ್ನು ಸೇರಿಸಲು ಹೋದರೆ ಸಾಲು ಉದ್ದವಾಗುತ್ತಿತ್ತು. ಬಿಟ್ಟೆವು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೇಳುವವರು ಒಂದು ಕಂಪನಿಯ ನೌಕರರು. ಈ ಆರು ಸಾಲನ್ನು ಅವರ ಮ್ಯಾನೇಜರು ಹೇಗೆ ಕೇಳಿಸಿಕೊಳ್ಳಬಹುದು ಅಂತ ನನಗೆ ದಿಗಿಲಾಯಿತು. ರಾತ್ರಿ ಹತ್ತರವರೆಗೆ ಕೂತು ಕೆಲಸ ಮಾಡಿ, ಮನೆ, ಹಬ್ಬ, ನೆಂಟರು ಎಲ್ಲ ಮರೆಯಿರಿ ಅಂತ ಹನ್ನೆರಡನೇ ಶತಮಾನದಲ್ಲೇ ಹೇಳಿದ್ದಾರೆ ನೋಡಿ ಅಂದುಬಿಟ್ಟರೆ? ಮಾಲೀಕನ ಕುರ್ಚಿಯ ಹಿಂದೆ ಈ ಬೋರ್ಡು ತೂಗುವುದನ್ನು ನೋಡಿದಾಗೆಲ್ಲ ನನಗೆ ಇದೇ ಕಸಿವಿಸಿ. ದುಡಿಯುವವನು ತನ್ನ ಬಗ್ಗೆ ಹೇಳಿಕೊಂಡ ಮಾತನ್ನು ದುಡಿಸುವವನು ಕಸಿದುಕೊಂಡರೆ ಅರ್ಥ ತಲೆಕೆಳಗಾಗುತ್ತದೆ.

ಅದಕ್ಕೆ ತಡೆ ಮಾರಯ್ಯನ ಮನೆಯಲ್ಲೇ ಇದೆ. ಅವನ ಹೆಂಡತಿ ಲಕ್ಕಮ್ಮ. ಹದಿನೈದನೇ ಶತಮಾನದಲ್ಲಿ ಕೂಡಿಸಿದ ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳಿಗೇ ಒಂದು ಅಧ್ಯಾಯ ಇದೆ. ಮಾರಯ್ಯ ಒಮ್ಮೆ ಶರಣರ ಜೊತೆ ಮಾತಿನಲ್ಲಿ ಮೈಮರೆತ. 'ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ' ಅಂತ ಎಬ್ಬಿಸಿ ಕಳಿಸಿದವಳು ಅವಳು. ಗುರುವನ್ನೂ ಮರೆಯಬೇಕು ಅಂದವನಿಗೇ ಹೆಂಡತಿ ನೆನಪು ಮಾಡಬೇಕಾಯಿತು ನೋಡಿ. ಇನ್ನೊಮ್ಮೆ ಅವನು ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ಬಸವಣ್ಣನೇ ಪರೀಕ್ಷೆ ಮಾಡಲು ಹೆಚ್ಚು ಚೆಲ್ಲಿಸಿದ್ದ ಅನ್ನುತ್ತದೆ ಕತೆ. ಲಕ್ಕಮ್ಮನಿಗೆ ಸಿಟ್ಟು ಬಂತು. 'ಇದು ನಿಮ್ಮ ಮನವೊ, ಬಸವಣ್ಣನ ಅನುಮಾನದ ಚಿತ್ತವೊ?' ಅಂತ ಕೇಳಿ, 'ಅಲ್ಲಿಯೆ ಸುರಿದು ಬನ್ನಿ' ಅಂದಳು. ಆ ದಿನಕ್ಕೆ ಬೇಕಾದಷ್ಟೇ ಕಾಯಕ. ಅದಕ್ಕಿಂತ ಹೆಚ್ಚಿನದು ಆಸೆ. ಅವಳ ಇನ್ನೊಂದು ವಚನ ಇದನ್ನೇ ನೇರವಾಗಿ ಹೇಳುತ್ತದೆ:

ಆಸೆಯೆಂಬುದು ಅರಸಿಂಗಲ್ಲದೆ, ಶಿವಭಕ್ತರಿಗುಂಟೆ ಅಯ್ಯಾ?
ರೋಷವೆಂಬುದು ಯಮದೂತರಿಗಲ್ಲದೆ, ಅಜಾತರಿಗುಂಟೆ ಅಯ್ಯಾ?
ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ.
ಮಾರಯ್ಯಪ್ರಿಯ ಅಮರೇಶ್ವರಲಿಂಗಕ್ಕೆ ದೂರ ಮಾರಯ್ಯಾ.

ಮಾರಯ್ಯ ಕೆಲಸವನ್ನು ದೇವರಿಗಿಂತ ಮುಂದೆ ಇಟ್ಟ. ಲಕ್ಕಮ್ಮ ಆ ಕೆಲಸಕ್ಕೆ ಎಲ್ಲೆ ಹಾಕಿದಳು. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಶರಣರ ಕಾಯಕ ಅರ್ಧ ಮಾತ್ರ ಕಾಣುತ್ತದೆ, ಅದೂ ಮಾಲೀಕರಿಗೆ ಇಷ್ಟವಾಗುವ ಅರ್ಧ.

ನಾನು ಇಷ್ಟೆಲ್ಲ ಹೇಳಿದ ಮೇಲೆ ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಅವಳಿಗೆ ಕೊಟ್ಟಿದ್ದು ಹತ್ತು ನಿಮಿಷ. "ಹಂಗಾದ್ರ ಮಾರಯ್ಯಂದು ಆರು ಸಾಲು ಓದಿ, ಲಕ್ಕಮ್ಮಂದು ಒಂದೇ ಸಾಲು ಕೂಡಸ್ತೀನಿ" ಅಂದಳು. ಯಾವುದು ಅಂದೆ. ಅಕ್ಕಿಯದು ಅಂದಳು. 'ಈಸು' ಅಂದರೆ ಇಷ್ಟು. 'ವೈ ಡು ಯು ವಾಂಟ್ ದಿಸ್ ಮಚ್ ರೈಸ್?' ಇದಕ್ಕೆ ನಾನು ತಿದ್ದುಪಡಿ ಹೇಳಲು ಹೋದೆ, 'ಗ್ರೀಡ್' ಅನ್ನುವ ಶಬ್ದ ಬರಬೇಕಲ್ಲ ಅಂತ. "ಬ್ಯಾಡ ಮಾಮಾ," ಅಂದಳು. "ನಮ್ಮ ಮ್ಯಾನೇಜರಿಗೆ ಇಷ್ಟ ಸಾಕು."